‘ಫ್ಲ್ಯಾಟ್ ಇನ್ನೂ ಖಾಲಿ ಇದೆಯಾ?’: ಪೋರ್ಟಲ್ ವಿಚಾರಣೆಗಳಿಗೆ ಸಿದ್ಧ ಉತ್ತರಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನಲ್ಲಿ ಮನೆ ಬಾಡಿಗೆ ಮತ್ತು ಮಾರಾಟದ ಕೆಲಸ ಮಾಡುವ ಏಜೆಂಟರು, ಅದರಲ್ಲೂ ಈ ಕಸುಬಿಗೆ ಹೊಸದಾಗಿ ಬಂದವರು, ನನ್ನನ್ನು ಮತ್ತೆ ಮತ್ತೆ ಕೇಳಿರುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಇಟ್ಟಿದ್ದೇನೆ. ಮಾದರಿ ಉತ್ತರಗಳಲ್ಲಿ ಬರುವ ಮನೆಗಳೂ ಮೊತ್ತಗಳೂ ಉದಾಹರಣೆಗಾಗಿ ಇಟ್ಟುಕೊಂಡವು. ನಿಮ್ಮ ಕೈಯಲ್ಲಿರುವ ಮನೆಗೆ ತಕ್ಕಂತೆ ಅವನ್ನು ಬದಲಿಸಿಕೊಳ್ಳಬೇಕು.

## ಮೊದಲು ತಿಳಿಯಬೇಕಾದವು

‘ಇನ್ನೂ ಇದೆಯಾ’ ಅಂತ ಕೇಳಿದವರಿಗೆ ‘ಇದೆ’ ಅಂದರೆ ಸಾಲದಾ? ಅಷ್ಟುದ್ದ ಉತ್ತರ ಯಾಕೆ ಬೇಕು?

ಸಾಲದು. ಆ ಪ್ರಶ್ನೆಯನ್ನು ಬಹಳಷ್ಟು ಸಲ ಮನೆ ಹುಡುಕುವವರು ತಾವಾಗಿ ಟೈಪ್ ಮಾಡಿರುವುದೇ ಇಲ್ಲ. ಜಾಹೀರಾತಿನ ಕೆಳಗಿರುವ ಸಂಪರ್ಕದ ಗುಂಡಿಯನ್ನು ಒತ್ತಿದೊಡನೆ ಪೋರ್ಟಲ್ ತನ್ನಲ್ಲಿರುವ ಸಿದ್ಧ ವಾಕ್ಯವನ್ನು ನಿಮಗೆ ಕಳುಹಿಸುತ್ತದೆ, ಮತ್ತು ಒತ್ತಿದವರು ಅದೇ ಹತ್ತು ನಿಮಿಷದಲ್ಲಿ ಎಸ್.ಐ.ಟಿ. ಬಡಾವಣೆ, ಅಶೋಕನಗರ, ಬಟವಾಡಿಗಳಲ್ಲಿರುವ ಇನ್ನೂ ಐದಾರು ಮನೆಗಳಿಗೆ ಅದೇ ಗುಂಡಿಯನ್ನು ಒತ್ತಿರುತ್ತಾರೆ. ನಿಮ್ಮಿಂದ ‘ಹೌದು, ಇದೆ’ ಎಂಬ ಎರಡು ಪದ ಹೋದಾಗ ಅದು ಯಾವ ಮನೆ ಎಂಬುದೇ ಅವರಿಗೆ ನೆನಪಾಗುವುದಿಲ್ಲ. ‘ಯಾವುದು ಸರ್?’ ಎಂದು ಅವರು ಕೇಳಿ, ನೀವು ಹೇಳಿ, ಬಾಡಿಗೆ ಎಷ್ಟೆಂದು ಅವರು ಮತ್ತೆ ಕೇಳುವಷ್ಟರಲ್ಲಿ ಇನ್ನೊಬ್ಬ ಏಜೆಂಟರು ಮನೆ ತೋರಿಸುವ ಸಮಯವನ್ನೇ ಗೊತ್ತುಮಾಡಿಕೊಂಡಿರುತ್ತಾರೆ.

ನಾನು ಬಳಸುವ ಉತ್ತರ ಹೀಗಿದೆ:

> ನಮಸ್ಕಾರ. ಎಸ್.ಐ.ಟಿ. ಬಡಾವಣೆಯಲ್ಲಿ 2ನೇ ಮಹಡಿಯಲ್ಲಿರುವ ಎರಡು ಬೆಡ್‌ರೂಮಿನ ಫ್ಲ್ಯಾಟ್ ಬಗ್ಗೆ ವಿಚಾರಿಸಿದ್ದೀರಿ. ಇಂದು ಬೆಳಿಗ್ಗೆ 9 ಗಂಟೆಗೆ ಮಾಲೀಕರನ್ನು ಕೇಳಿದ್ದೇನೆ, ಮನೆ ಖಾಲಿ ಇದೆ. ಬಾಡಿಗೆ 14,000 ರೂ., ಮೇಂಟೆನೆನ್ಸ್ ಬೇರೆ 1,200 ರೂ., ಅಡ್ವಾನ್ಸ್ 80,000 ರೂ. ಮನೆ ನೋಡಲು ಇಂದು ಸಂಜೆ 6ಕ್ಕೆ ಅನುಕೂಲವೋ, ನಾಳೆ ಬೆಳಿಗ್ಗೆ 10ಕ್ಕೋ?

ಇದರಲ್ಲಿ ಯಾವ ಮನೆ, ಯಾವಾಗ ಖಚಿತಪಡಿಸಿಕೊಂಡದ್ದು, ತಿಂಗಳಿಗೆ ಒಟ್ಟು ಎಷ್ಟು ಎಂಬ ಮೂರು ವಿಷಯಗಳೂ, ಒಂದೇ ಪದದಲ್ಲಿ ಉತ್ತರಿಸಬಹುದಾದ ಒಂದು ಪ್ರಶ್ನೆಯೂ ಇವೆ. ಮೇಂಟೆನೆನ್ಸ್ ಮೊತ್ತವನ್ನು ಬಿಟ್ಟುಬಿಡುವುದು ನಮ್ಮವರಲ್ಲಿ ಬೇರೂರಿರುವ ಅಭ್ಯಾಸ. 14,000 ಎಂದು ಮನಸ್ಸಿನಲ್ಲಿ ಲೆಕ್ಕ ಹಾಕಿಕೊಂಡು ಬಂದವರಿಗೆ ಬಾಗಿಲಲ್ಲಿ 15,200 ಎಂದು ಗೊತ್ತಾದರೆ, ಅವರು ಉಳಿದ ಮಾತನ್ನೂ ನಂಬುವುದಿಲ್ಲ. ಇನ್ನೊಂದು ಸಣ್ಣ ವಿಷಯ: ಪೋರ್ಟಲಿನಲ್ಲಿ ಬರುವ ಕಿರಣ್, ಶಶಿ ಎಂಬ ಹೆಸರು ಗಂಡಸರದೋ ಹೆಂಗಸರದೋ ತಿಳಿಯದಿರುವುದರಿಂದ, ಮೊದಲ ಸಂದೇಶದಲ್ಲಿ ‘ಸರ್’ ‘ಮೇಡಂ’ ಎರಡನ್ನೂ ಬಿಟ್ಟು ‘ನಮಸ್ಕಾರ’ ಎಂದಷ್ಟೇ ಬರೆಯುವುದು ಲೇಸು.

ಮನೆ ಖಾಲಿ ಇದೆಯೋ ಇಲ್ಲವೋ ನನಗೇ ಗ್ಯಾರಂಟಿ ಇಲ್ಲ. ಆಗ ಏನು ಬರೆಯಲಿ?

ಖಚಿತವಿಲ್ಲ ಎಂಬುದನ್ನೇ ಬರೆಯಬೇಕು, ಮತ್ತು ಎಷ್ಟು ಹೊತ್ತಿಗೆ ಖಚಿತಪಡಿಸುತ್ತೇನೆ ಎಂಬುದನ್ನೂ ಬರೆಯಬೇಕು. ಇದನ್ನು ನಾನು ಕಲಿತದ್ದು ಒಂದು ಶನಿವಾರದ ತಪ್ಪಿನಿಂದ. ಕ್ಯಾತಸಂದ್ರದ ಒಂದು ಮನೆಯ ಬಗ್ಗೆ ಬೆಳಿಗ್ಗೆ ವಿಚಾರಣೆ ಬಂದಾಗ, ಹಿಂದಿನ ಬುಧವಾರ ಮಾಲೀಕರೊಡನೆ ಆಡಿದ ಮಾತಿನ ಧೈರ್ಯದ ಮೇಲೆ, ಫೋನಿನಲ್ಲಿದ್ದ ಸಿದ್ಧ ಉತ್ತರವನ್ನು ಹಾಗೆಯೇ ಕಳುಹಿಸಿದೆ. ಕೇಳಿದವರು ವಯಸ್ಸಾದ ತಾಯಿಯನ್ನು ಕರೆದುಕೊಂಡು ಯಶವಂತಪುರದಿಂದ ರೈಲಿನಲ್ಲಿ ಬಂದಿಳಿದರು. ನಾವು ಮೂವರೂ ಆಟೋದಲ್ಲಿ ಹೋಗಿ ನೋಡಿದರೆ ಮನೆಯ ಮುಂದೆ ಮಿನಿ ಲಾರಿ ನಿಂತಿತ್ತು, ಒಳಗೆ ಹಾಲು ಉಕ್ಕಿಸುತ್ತಿದ್ದರು. ಮಾಲೀಕರು ಗುರುವಾರವೇ ಬೇರೆ ಬ್ರೋಕರ್ ಮೂಲಕ ಟೋಕನ್ ಪಡೆದಿದ್ದರು. ನನಗೆ ತಿಳಿಸಬೇಕೆಂದು ಅವರಿಗೆ ಹೊಳೆದಿರಲಿಲ್ಲ, ಕೇಳಬೇಕೆಂದು ನನಗೂ ಹೊಳೆದಿರಲಿಲ್ಲ.

ತುಮಕೂರಿನಲ್ಲಿ ಒಂದೇ ಮನೆಯನ್ನು ಮಾಲೀಕರು ಮೂರು ನಾಲ್ಕು ಏಜೆಂಟರಿಗೆ ಹೇಳಿರುತ್ತಾರೆ, ಜೊತೆಗೆ ಗೇಟಿಗೆ ಬೋರ್ಡನ್ನೂ ತಗುಲಿಹಾಕಿರುತ್ತಾರೆ. ಆದ್ದರಿಂದ ನಿಮಗೆ ತಿಳಿಯದಂತೆ ಮನೆ ಹೋಗುವುದು ಇಲ್ಲಿ ಅಪರೂಪವೇನಲ್ಲ. ಅಂದಿನಿಂದ ನನ್ನ ನಿಯಮ ಇಷ್ಟು: ಪ್ರತಿದಿನ ಬೆಳಿಗ್ಗೆ 9ರಿಂದ 9.30ರೊಳಗೆ ಜಾಹೀರಾತಿನಲ್ಲಿರುವ ಪ್ರತಿಯೊಂದು ಮನೆಯ ಮಾಲೀಕರಿಗೂ ‘ಮನೆ ಹಾಗೇ ಇದೆಯಾ ಸರ್?’ ಎಂಬ ಒಂದು ಸಾಲು ಕಳುಹಿಸಿ, ಉತ್ತರ ಬಂದವನ್ನು ಮಾತ್ರ ‘ಖಾಲಿ ಇದೆ’ ಎನ್ನುತ್ತೇನೆ. ಉತ್ತರ ಬಾರದ ಮನೆಗೆ ಹೋಗುವ ಸಂದೇಶ ಬೇರೆ:

> ನಮಸ್ಕಾರ. ಕ್ಯಾತಸಂದ್ರದ ಮನೆ ನಿನ್ನೆ ಸಂಜೆಯವರೆಗೆ ಖಾಲಿ ಇತ್ತು. ಇಂದು ಮಾಲೀಕರನ್ನು ಕೇಳಿ, ಮಧ್ಯಾಹ್ನ 1 ಗಂಟೆಯೊಳಗೆ ತಿಳಿಸುತ್ತೇನೆ. ದಯವಿಟ್ಟು ಅದಕ್ಕೆ ಮೊದಲು ಹೊರಡಬೇಡಿ.

ಕೊನೆಯ ವಾಕ್ಯವನ್ನು ಆ ತಾಯಿಯವರನ್ನು ನೆನೆದು ಸೇರಿಸಿದ್ದೇನೆ. ಯಾರೋ ಟೋಕನ್ ಕೊಡುವ ಮಾತಿನಲ್ಲಿದ್ದರೆ ಅದನ್ನೂ ಮುಚ್ಚಿಡದೆ, ‘ಒಬ್ಬರೊಡನೆ ಮಾತುಕತೆ ನಡೆಯುತ್ತಿದೆ, ಟೋಕನ್ ಇನ್ನೂ ಆಗಿಲ್ಲ’ ಎಂದು ಬರೆಯಿರಿ. ಅದು ನಿಜವಾಗಿದ್ದಾಗ ಮಾತ್ರ ಬರೆಯಿರಿ. ಅವಸರ ಹುಟ್ಟಿಸಲು ಇಲ್ಲದ ಪಾರ್ಟಿಯನ್ನು ಸೃಷ್ಟಿಸುವ ಚಾಳಿ ಊರಿಗೆಲ್ಲ ಗೊತ್ತಾಗಿದೆ.

ಮನೆ ಹೋಗಿದ್ದರೂ ಜಾಹೀರಾತು ತೆಗೆಯದೆ ಬಿಟ್ಟರೆ ವಿಚಾರಣೆ ಬರ್ತಾ ಇರುತ್ತೆ. ಅದರಲ್ಲಿ ತಪ್ಪೇನು?

ಬರುವ ಪ್ರತಿ ವಿಚಾರಣೆಗೂ ನೀವು ಮೊದಲ ಸಾಲಿನಲ್ಲೇ ‘ಆ ಮನೆ ಹೋಯಿತು, ಬೇರೆ ಇದೆ’ ಎನ್ನಬೇಕಾಗುತ್ತದೆ, ಮತ್ತು ಅದನ್ನು ಎರಡನೆಯ ಬಾರಿ ಓದಿದವರು ನಿಮ್ಮ ಜಾಹೀರಾತು ಸುಳ್ಳೆಂದು ಪೋರ್ಟಲಿಗೆ ದೂರು ಕೊಡುತ್ತಾರೆ. ಮನೆ ನಿಜವಾಗಿ ಹೋದ ದಿನ ಜಾಹೀರಾತನ್ನು ಇಳಿಸಿ, ಅದಕ್ಕೆ ಮೊದಲೇ ಬಂದಿದ್ದ ವಿಚಾರಣೆಗಳಿಗೆ ಈ ಉತ್ತರ ಕೊಡಿ:

> ನಮಸ್ಕಾರ. ನೀವು ಕೇಳಿದ್ದ ಅಶೋಕನಗರದ ಮನೆಗೆ ಇಂದು ಟೋಕನ್ ಆಗಿದೆ. ಸುಮಾರು ಇದೇ ಬಾಡಿಗೆಯಲ್ಲಿ ಎಸ್.ಎಸ್. ಪುರದಲ್ಲಿ ಒಂದು ಮನೆ ಇದೆ. ಅದರ ವಿವರ ಕಳುಹಿಸಲೇ?

ಒಪ್ಪಿಗೆ ಬಂದ ನಂತರವೇ ವಿವರ ಕಳುಹಿಸಬೇಕು. ಕೇಳದೆಯೇ ಹದಿನೈದು ಫೋಟೋಗಳನ್ನು ಸುರಿದರೆ ಅವರು ನಿಮ್ಮ ಸಂಖ್ಯೆಯನ್ನು ಬ್ಲಾಕ್ ಮಾಡುತ್ತಾರೆ, ಹಾಗೆ ಬಹಳ ಮಂದಿ ಮಾಡಿದರೆ ವಾಟ್ಸ್‌ಆ್ಯಪ್ ಖಾತೆಯೇ ನಿರ್ಬಂಧಕ್ಕೆ ಒಳಗಾಗಬಹುದು.

ಈ ಉತ್ತರಗಳನ್ನೆಲ್ಲ ಫೋನಿನಲ್ಲಿ ಎಲ್ಲಿ ಇಟ್ಟುಕೊಳ್ಳುವುದು? ಪ್ರತಿ ಸಲ ಹುಡುಕಿ ಕಾಪಿ ಮಾಡೋದು ಕಷ್ಟ.

ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್‌ನಲ್ಲಿ `Business tools` ಒಳಗೆ `Quick replies` ಎಂಬ ಸೌಲಭ್ಯವಿದೆ. ಅಲ್ಲಿ ಪ್ರತಿ ಉತ್ತರಕ್ಕೂ ಒಂದು ಕಿರುಹೆಸರು ಕೊಟ್ಟು ಉಳಿಸಿಕೊಳ್ಳಬಹುದು. ಆಮೇಲೆ ಸಂದೇಶ ಬರೆಯುವ ಜಾಗದಲ್ಲಿ ಓರೆಗೆರೆ ಹಾಕಿ ಕಿರುಹೆಸರನ್ನು ಬರೆದು ಆರಿಸಿದರೆ ಪೂರ್ತಿ ಉತ್ತರ ಅಲ್ಲಿ ಬಂದು ಕೂರುತ್ತದೆ. ಕಳುಹಿಸುವ ಮೊದಲು ತಿದ್ದಿಕೊಳ್ಳಬಹುದು. 50 ಉತ್ತರಗಳವರೆಗೆ ಇಡಲು ಅವಕಾಶವಿದ್ದರೂ ನನಗೆ ನಿತ್ಯ ಬೇಕಾಗುವವು ಏಳೆಂಟು ಮಾತ್ರ. ಅವುಗಳಲ್ಲಿ ಐದು ಇವು:

```
/ide      ಖಾಲಿ ಇದೆ
/keli     ಕೇಳಿ ತಿಳಿಸುತ್ತೇನೆ
/hoytu    ಟೋಕನ್ ಆಗಿದೆ
/dara     ಬಾಡಿಗೆ ಕಡಿಮೆ ಆಗುವುದೇ
/jaga     ಸ್ಥಳ
```

ಮನೆಯ ಹೆಸರು, ಸಮಯ, ಮೊತ್ತ ಬರುವ ಕಡೆ ಖಾಲಿ ಬಿಡದೆ `####` ಎಂದು ಹಾಕಿಡಿ. ತುಂಬಲು ಮರೆತರೆ ಅದು ಕಣ್ಣಿಗೆ ಹೊಡೆಯುತ್ತದೆ. ಹಿಂದಿನ ಮನೆಯ 14,000 ಅಲ್ಲೇ ಉಳಿದಿದ್ದರೆ ಕಣ್ಣಿಗೆ ಬೀಳುವುದಿಲ್ಲ, ತಪ್ಪು ಬಾಡಿಗೆ ಹೋಗಿಬಿಡುತ್ತದೆ.

ಇದೇ ಆ್ಯಪ್‌ನಲ್ಲಿ ತಾನಾಗಿ ಹೋಗುವ ಸ್ವಾಗತ ಸಂದೇಶವೂ ಇದೆ. ಮೊದಲ ಬಾರಿ ಬರೆದವರಿಗೂ, 14 ದಿನ ಮಾತಿಲ್ಲದೆ ಮತ್ತೆ ಬರೆದವರಿಗೂ ಅದು ಹೋಗುತ್ತದೆ. ಅದರಲ್ಲಿ ‘ಮನೆ ಖಾಲಿ ಇದೆ’ ಎಂಬ ಅರ್ಥದ ಒಂದು ಪದವೂ ಇರಬಾರದು, ಏಕೆಂದರೆ ಅವರು ಯಾವ ಮನೆಯನ್ನು ಕೇಳಿದ್ದಾರೆಂಬುದು ಆ ಸಂದೇಶಕ್ಕೆ ತಿಳಿಯದು. ‘ನಿಮ್ಮ ಸಂದೇಶ ತಲುಪಿದೆ, ಬೆಳಿಗ್ಗೆ 9ರಿಂದ ರಾತ್ರಿ 8ರೊಳಗೆ ಉತ್ತರಿಸುತ್ತೇನೆ’ ಎಂದಷ್ಟೇ ಇರಲಿ.

## ಮಾತು ಮುಂದುವರಿದ ಮೇಲೆ

‘ಬಾಡಿಗೆ ಕಡಿಮೆ ಮಾಡ್ತಾರಾ?’ ಅಂತ ಮನೆ ನೋಡೋಕೆ ಮೊದಲೇ ಕೇಳ್ತಾರೆ. ಏನನ್ನಬೇಕು?

‘ಮಾತಾಡೋಣ ಬನ್ನಿ’ ಎಂದರೆ ಅವರು ಕಡಿಮೆಯಾಗುತ್ತದೆ ಎಂದೇ ಅರ್ಥ ಮಾಡಿಕೊಳ್ಳುತ್ತಾರೆ. ‘ಇಲ್ಲ’ ಎಂದರೆ ಬರುವುದನ್ನೇ ನಿಲ್ಲಿಸುತ್ತಾರೆ. ಮಾಲೀಕರು ಮನೆ ಒಪ್ಪಿಸುವ ದಿನವೇ, ಬಾಡಿಗೆಯಲ್ಲಿ ಎಷ್ಟು ಇಳಿಯಬಲ್ಲಿರಿ, ಅಡ್ವಾನ್ಸ್‌ನಲ್ಲಿ ಎಷ್ಟು ಇಳಿಯಬಲ್ಲಿರಿ ಎಂದು ಬೇರೆ ಬೇರೆಯಾಗಿ ಕೇಳಿಟ್ಟುಕೊಳ್ಳಿ. ನಮ್ಮ ಕಡೆಯ ಹಲವು ಮಾಲೀಕರು ಬಾಡಿಗೆಯಲ್ಲಿ ಐನೂರು ಬಿಡಲು ಒಪ್ಪದಿದ್ದರೂ ಅಡ್ವಾನ್ಸ್‌ನಲ್ಲಿ ಹತ್ತು ಹದಿನೈದು ಸಾವಿರ ಬಿಡುತ್ತಾರೆ. ಆಗ ಉತ್ತರ ಹೀಗಿರಬಹುದು: ‘ಬಾಡಿಗೆ 14,000 ರೂ. ಎಂದೇ ಮಾಲೀಕರು ಹೇಳಿದ್ದಾರೆ. ಮನೆ ಒಪ್ಪಿಗೆಯಾದರೆ ಅಡ್ವಾನ್ಸ್ ವಿಷಯವನ್ನು ಅವರೊಡನೆ ನೇರವಾಗಿ ಮಾತನಾಡಿಸುತ್ತೇನೆ.’

ಭೋಗ್ಯದ ಮನೆ ಕೇಳುವವರಿಗೆ ಮಾತ್ರ ಈ ಉತ್ತರವನ್ನು ಕಳುಹಿಸಬೇಡಿ. ಅಲ್ಲಿ ತಿಂಗಳ ಬಾಡಿಗೆಯೇ ಇರುವುದಿಲ್ಲ, ಒಟ್ಟಿಗೆ ಕೊಡುವ ಮೊತ್ತ ಲಕ್ಷಗಳಲ್ಲಿರುತ್ತದೆ. ಮನೆ ಯಾರ ಹೆಸರಿನಲ್ಲಿದೆ, ಅದರ ಮೇಲೆ ಬ್ಯಾಂಕಿನ ಸಾಲವಿದೆಯೇ ಎಂಬುದು ದರಕ್ಕಿಂತ ಮೊದಲು ಬರಬೇಕಾದ ಮಾತು.

‘ಬ್ಯಾಚುಲರ್ಸ್‌ಗೆ ಕೊಡ್ತೀರಾ?’, ‘ನಾನ್‌ವೆಜ್ ಆಗುತ್ತಾ?’ ಇವಕ್ಕೆ ಮುಖಕ್ಕೆ ಹೊಡೆದ ಹಾಗಲ್ಲದೆ ಹೇಗೆ ಉತ್ತರಿಸುವುದು?

ವಸಂತನರಸಾಪುರದ ಕೈಗಾರಿಕೆಗಳಿಗೆ ಕೆಲಸಕ್ಕೆ ಬರುವ ಹುಡುಗರಿಂದಲೂ, ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳಿಂದಲೂ ಈ ಪ್ರಶ್ನೆ ದಿನವೂ ಬರುತ್ತದೆ. ಮಾಲೀಕರ ಷರತ್ತು ಏನೆಂಬುದನ್ನು ಷರತ್ತಾಗಿಯೇ ಹೇಳಿ, ಕೇಳಿದವರ ಮೇಲೆ ಯಾವ ಅಭಿಪ್ರಾಯವನ್ನೂ ಹೊರಿಸದೆ, ಸಾಧ್ಯವಿರುವ ಮನೆಯ ಕಡೆಗೆ ದಾರಿ ತೋರಿಸಬೇಕು:

> ಈ ಮನೆಯನ್ನು ಮಾಲೀಕರು ಕುಟುಂಬದವರಿಗೆ ಮಾತ್ರ ಕೊಡುವುದಾಗಿ ಹೇಳಿದ್ದಾರೆ. ಮೂವರು ಒಟ್ಟಿಗೆ ಇರಲು ಸಿರಾ ಗೇಟ್ ಕಡೆ ಒಂದು ಮನೆ ಇದೆ, ಬಾಡಿಗೆ 11,000 ರೂ. ನೋಡುತ್ತೀರಾ?

ಈ ಷರತ್ತನ್ನು ಜಾಹೀರಾತಿನಲ್ಲೇ ಬರೆದಿದ್ದರೆ ಅರ್ಧ ವಿಚಾರಣೆ ಬರುವುದೇ ಇಲ್ಲ. ಆದರೆ ‘ನಿಮ್ಮದು ಯಾವ ಜಾತಿ?’ ಎಂಬ ಪ್ರಶ್ನೆಯನ್ನು ನಾನು ಸಿದ್ಧ ಉತ್ತರಕ್ಕೂ ಸೇರಿಸುವುದಿಲ್ಲ, ಬಾಯಲ್ಲೂ ಕೇಳುವುದಿಲ್ಲ. ಅದನ್ನು ನನ್ನ ಮೂಲಕ ಕೇಳಿಸಬೇಕೆನ್ನುವ ಮಾಲೀಕರಿಗೆ, ಬಂದವರ ಕೆಲಸ, ಮನೆಯಲ್ಲಿ ಇರುವವರ ಸಂಖ್ಯೆ, ಹಿಂದಿನ ಮನೆಯ ವಿವರ ಕೊಡುತ್ತೇನೆ, ಅದಕ್ಕಿಂತ ಹೆಚ್ಚಿಲ್ಲ ಎಂದು ಹೇಳಿದ್ದೇನೆ. ಇದರಿಂದ ಇಬ್ಬರು ಮಾಲೀಕರು ಬೇರೆಯವರ ಬಳಿ ಹೋದರು, ಅಷ್ಟೇ.

ಲೊಕೇಶನ್ ಕಳಿಸಿ ಅಂತಾರೆ. ಕಳಿಸಿದರೆ ನೇರ ಓನರ್ ಹತ್ತಿರ ಹೋಗಿ ನಮ್ಮ ಕಮಿಷನ್ ತಪ್ಪಿಸ್ತಾರೆ. ಕಳಿಸದಿದ್ದರೆ ಬರೋದೇ ಇಲ್ಲ.

ಕೇಳುವವರಿಗೆ ಬಾಗಿಲ ಸಂಖ್ಯೆ ಬೇಕಾಗಿರುವುದಿಲ್ಲ. ಕೆಲಸದ ಸ್ಥಳಕ್ಕೋ ಮಕ್ಕಳ ಶಾಲೆಗೋ ಅಲ್ಲಿಂದ ಎಷ್ಟು ದೂರ ಎಂಬುದು ಬೇಕಾಗಿರುತ್ತದೆ. ಆದ್ದರಿಂದ ಮೊದಲ ಉತ್ತರದಲ್ಲಿ ಬಡಾವಣೆ, ಹತ್ತಿರದ ಮುಖ್ಯ ರಸ್ತೆ, ಎಲ್ಲರಿಗೂ ತಿಳಿದ ಒಂದು ಗುರುತು ಕೊಡಿ: ‘ಬಿ.ಎಚ್. ರಸ್ತೆಯಿಂದ ಒಳಗೆ ನಡೆದು ಐದು ನಿಮಿಷ, ಬಟವಾಡಿ ಕಡೆಗೆ.’ ಬರುವ ಸಮಯ ಗೊತ್ತಾದ ಮೇಲೆ, ಭೇಟಿಗೆ ಅರ್ಧ ಗಂಟೆ ಮುಂಚೆ, ನೀವು ನಿಂತಿರುವ ತಿರುವಿನ ಲೊಕೇಶನ್ ಕಳುಹಿಸಿ. ಕಮಿಷನ್ ಎಷ್ಟೆಂಬುದನ್ನು ಅದೇ ಸಂದೇಶದಲ್ಲಿ ಬರೆದುಬಿಡುವುದು ಉತ್ತಮ. ನಾನು ‘ಮನೆ ಒಪ್ಪಿ ಕರಾರು ಆದರೆ ಮಾತ್ರ ನನ್ನ ಕಮಿಷನ್ ಒಂದು ತಿಂಗಳ ಬಾಡಿಗೆ, ಮನೆ ತೋರಿಸಲು ಹಣವಿಲ್ಲ’ ಎಂದು ಬರೆಯುತ್ತೇನೆ. ಮನೆ ನೋಡುವ ಮೊದಲೇ ಹಣ ಕೇಳಿ ಮೋಸ ಮಾಡುವವರಿಂದ ಸುಟ್ಟುಕೊಂಡವರಿಗೆ ಆ ಕೊನೆಯ ಮಾತು ಬಹಳ ಮುಖ್ಯ.

ನೀರಿನ ಬಗ್ಗೆ ಕೇಳಿದರೆ?

‘24 ಗಂಟೆ ನೀರು’ ಎಂದು ಬರೆಯಬೇಡಿ. ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿ ನೀರು ಆ ಬೀದಿಗೆ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಕಟ್ಟಡದಲ್ಲಿ ಬೋರ್‌ವೆಲ್ ಇದೆಯೇ, ಸಂಪ್ ಎಷ್ಟು ದೊಡ್ಡದು ಎಂಬುದನ್ನು ಮಾಲೀಕರನ್ನಲ್ಲ, ಮೇಲಿನ ಮಹಡಿಯಲ್ಲಿ ಈಗ ವಾಸವಿರುವವರನ್ನು ಕೇಳಿ ಬರೆಯಿರಿ.

## ಸ್ವಲ್ಪ ಅನುಭವ ಆದವರಿಗೆ

ಮಾರಾಟದ ಫ್ಲ್ಯಾಟ್‌ಗೂ ಇದೇ ಉತ್ತರ ಸಾಕಾಗುತ್ತಾ?

ಮೊದಲ ಅರ್ಧ ಸಾಕು, ಉಳಿದದ್ದು ಬೇರೆ. ಬಿಲ್ಡರ್ ಕಟ್ಟುತ್ತಿರುವ ಹೊಸ ಯೋಜನೆಯಾದರೆ 2016ರ ರೇರಾ ಕಾಯ್ದೆ ಅನ್ವಯವಾಗುತ್ತದೆ. 500 ಚದರ ಮೀಟರ್‌ವರೆಗಿನ ಜಾಗ ಅಥವಾ ಎಂಟು ಫ್ಲ್ಯಾಟ್‌ಗಳವರೆಗಿನ ಸಣ್ಣ ಯೋಜನೆಗಳಿಗೆ ವಿನಾಯಿತಿ ಇದೆ. ಉಳಿದವು ನೋಂದಣಿಯಾಗದೆ ಜಾಹೀರಾತು ಕೊಡುವಂತಿಲ್ಲ, ಮತ್ತು ಅಂಥ ಯೋಜನೆಯ ಫ್ಲ್ಯಾಟ್ ಮಾರಿಸುವ ಏಜೆಂಟರೂ ನೋಂದಾಯಿಸಿಕೊಂಡಿರಬೇಕು. ಆದ್ದರಿಂದ ಸಿದ್ಧ ಉತ್ತರದಲ್ಲೇ ಯೋಜನೆಯ ರೇರಾ ಸಂಖ್ಯೆಯನ್ನೂ ನಿಮ್ಮ ಸಂಖ್ಯೆಯನ್ನೂ ಹಾಕಿ. `rera.karnataka.gov.in` ನಲ್ಲಿ ಅವರೇ ನೋಡಿಕೊಳ್ಳುತ್ತಾರೆ. ನೋಂದಾಯಿತ ಮಾರಾಟ ಕರಾರು ಆಗುವ ಮೊದಲು ಬಿಲ್ಡರ್ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ ಎಂಬುದೂ ಅದೇ ಕಾಯ್ದೆಯಲ್ಲಿದೆ. ಮುಂಗಡ ಎಷ್ಟೆಂದು ಕೇಳಿದಾಗ ಈ ಮಿತಿಯನ್ನು ಮೀರಿ ಹೇಳಬೇಡಿ.

ಇನ್ನು ವಿಸ್ತೀರ್ಣ. ‘1,150 ಚದರಡಿ, 46 ಲಕ್ಷ’ ಎಂದಾಗ ಕೊಳ್ಳುವವರು ಚದರಡಿಗೆ 4,000 ರೂ. ಎಂದು ಲೆಕ್ಕ ಹಾಕುತ್ತಾರೆ. ಆದರೆ ಅದು ಮೆಟ್ಟಿಲು, ಲಿಫ್ಟ್, ಕಾರಿಡಾರ್‌ಗಳ ಪಾಲು ಸೇರಿದ ಸೂಪರ್ ಬಿಲ್ಟ್‌ಅಪ್ ಅಳತೆಯಾಗಿದ್ದು, ಕಾರ್ಪೆಟ್ ವಿಸ್ತೀರ್ಣ 840 ಚದರಡಿಯಷ್ಟೇ ಇದ್ದರೆ, ಬಳಸುವ ಜಾಗದ ಲೆಕ್ಕದಲ್ಲಿ ಚದರಡಿಗೆ ಸುಮಾರು 5,476 ರೂ. ಆಗುತ್ತದೆ. ಎರಡು ಅಳತೆಗಳನ್ನೂ ಹೆಸರು ಸಹಿತ ಮೊದಲೇ ಕಳುಹಿಸಿ.

ಮನೆ ನೋಡದೇ ಅಡ್ವಾನ್ಸ್ ಹಾಕ್ತೀನಿ ಅಂತಾರೆ, ಸೇನೆಯಲ್ಲಿದ್ದೀನಿ ಅಂತ ಐಡಿ ಕಾರ್ಡ್ ಕೂಡ ಕಳಿಸ್ತಾರೆ. ನಂಬಬಹುದಾ?

ನಂಬಬೇಡಿ. ‘ತುಮಕೂರಿಗೆ ವರ್ಗವಾಗಿದೆ, ಫೋಟೋ ನೋಡಿ ಮನೆ ಒಪ್ಪಿಗೆಯಾಗಿದೆ, ನಮ್ಮ ಕಚೇರಿಯಿಂದ ಹಣ ಬರುತ್ತದೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ’ ಎಂಬುದು ದೇಶದೆಲ್ಲೆಡೆ ನಡೆದಿರುವ ಮೋಸದ ವರಸೆ. ಸ್ಕ್ಯಾನ್ ಮಾಡಿ ಯುಪಿಐ ಪಿನ್ ಒತ್ತಿದರೆ ಹಣ ಹೋಗುವುದು ನಿಮ್ಮ ಖಾತೆಯಿಂದ. ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ. ಇವರು ಮಾಲೀಕರ ಸಂಖ್ಯೆಯನ್ನೂ ಕೇಳುತ್ತಾರೆ, ವಯಸ್ಸಾದ ಮಾಲೀಕರೇ ಹೆಚ್ಚಾಗಿ ಸಿಕ್ಕಿಬೀಳುತ್ತಾರೆ. ಸಿದ್ಧ ಉತ್ತರ ಒಂದೇ ಸಾಲು: ‘ನೀವು ಅಥವಾ ನಿಮ್ಮವರೊಬ್ಬರು ಮನೆ ನೋಡಿದ ನಂತರವೇ ಅಡ್ವಾನ್ಸ್ ಪಡೆಯುತ್ತೇವೆ.’ ಮೋಸಗಾರರು ಅಲ್ಲಿಗೇ ಬಿಟ್ಟುಹೋಗುತ್ತಾರೆ, ನಿಜವಾದ ಸೈನಿಕರು ಸಂಬಂಧಿಕರನ್ನು ಕಳುಹಿಸುತ್ತಾರೆ. ಹಣ ಹೋಗಿಯೇಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ.

ಒಂದು ವಿಚಾರಣೆ ಮೊದಲಿಂದ ಕೊನೆವರೆಗೆ ಹೇಗೆ ಸಾಗುತ್ತೆ ಅಂತ ಒಮ್ಮೆ ಹೇಳ್ತೀರಾ?

ಎಸ್.ಐ.ಟಿ. ಬಡಾವಣೆಯ ಆ ಫ್ಲ್ಯಾಟನ್ನೇ ತೆಗೆದುಕೊಳ್ಳೋಣ. ಬೆಳಿಗ್ಗೆ 9.10ಕ್ಕೆ ಮಾಲೀಕರು ‘ಇದೆ’ ಎಂದಿದ್ದಾರೆ. ಮಧ್ಯಾಹ್ನ 12.40ಕ್ಕೆ ಪೋರ್ಟಲಿನಿಂದ ವಿಚಾರಣೆ ಬರುತ್ತದೆ. ನೀವು ಬೇರೆ ಮನೆ ತೋರಿಸುತ್ತಿದ್ದರೂ `/ide` ಆರಿಸಿ, `####` ಇರುವ ಕಡೆ ಬಡಾವಣೆ, 9.10 ಎಂಬ ಸಮಯ, ಮೊತ್ತಗಳನ್ನು ತುಂಬಿ 12.43ಕ್ಕೆ ಕಳುಹಿಸುತ್ತೀರಿ. ಅವರು ‘ಸಂಜೆ 6, ಆದರೆ ಬಾಡಿಗೆ ಸ್ವಲ್ಪ ಹೆಚ್ಚು’ ಎನ್ನುತ್ತಾರೆ, `/dara` ಹೋಗುತ್ತದೆ. ಸಂಜೆ 5.15ಕ್ಕೆ, ಅವರು ಮನೆಯಿಂದ ಹೊರಡುವ ಮೊದಲು, ನೀವು ಮಾಲೀಕರನ್ನು ಇನ್ನೊಮ್ಮೆ ಕೇಳುತ್ತೀರಿ. ನಾನು ಎಂದೂ ತಪ್ಪಿಸದ ಹೆಜ್ಜೆ ಇದು, ಏಕೆಂದರೆ ಬೆಳಗಿನ ‘ಇದೆ’ ಸಂಜೆಗೆ ಹಳತಾಗಿರುತ್ತದೆ. 5.30ಕ್ಕೆ `/jaga` ಜೊತೆಗೆ ತಿರುವಿನ ಲೊಕೇಶನ್ ಹೋಗುತ್ತದೆ.

ಅವರು ಮನೆ ನೋಡಿ, ಅಡುಗೆಮನೆಯ ನಲ್ಲಿ ತಿರುಗಿಸಿ, ಮಾಲೀಕರೊಡನೆ ಮಾತಾಡಿ ಅಡ್ವಾನ್ಸನ್ನು 70,000 ರೂಪಾಯಿಗೆ ಒಪ್ಪಿಸಿಕೊಂಡು 5,000 ರೂ. ಟೋಕನ್ ಅನ್ನು ಮಾಲೀಕರ ಖಾತೆಗೇ ಹಾಕುತ್ತಾರೆ. ಹಣ ಬಂದುದನ್ನು ಮಾಲೀಕರಿಂದ ಖಚಿತಪಡಿಸಿಕೊಂಡು, ಅಲ್ಲೇ ಗೇಟಿನ ಬಳಿ ನಿಂತು ಪೋರ್ಟಲಿನಲ್ಲಿ ಜಾಹೀರಾತನ್ನು ಇಳಿಸುತ್ತೀರಿ. ಅಂದು ಮಧ್ಯಾಹ್ನದಿಂದ ಅದೇ ಮನೆಯನ್ನು ಕೇಳಿದ್ದ ಉಳಿದ ನಾಲ್ವರಿಗೆ `/hoytu` ಕಳುಹಿಸುತ್ತೀರಿ. ಅವರಲ್ಲಿ ಒಬ್ಬರು ಮರುದಿನ 10 ಗಂಟೆಗೆ ಬರುವುದಾಗಿ ಹೇಳಿದ್ದರು; ಅವರಿಗೆ ಮಾತ್ರ ಸಂದೇಶದ ಬದಲು ಫೋನ್ ಮಾಡುತ್ತೀರಿ.